ಅಭ್ಯಾಸ ಹಾಳೆ: ಲಂಬಕೋನ ತ್ರಿಭುಜದ ಬಾಹುಗಳ ಉದ್ದ (ಉತ್ತರ ಸೂಚಿ ಸಹಿತ)

ತರಗತಿ: 10  ವಿಷಯ: ಗಣಿತ  ಅಂಕಗಳು: 30  ಅವಧಿ: 45 ನಿಮಿಷ

ಕ್ಯಾಲ್ಕುಲೇಟರ್ ಬೇಡ. ಬೇಕಾಗುವ ವರ್ಗಮೂಲಗಳು ಇಲ್ಲಿವೆ: √13 ≈ 3.6056, √74 ≈ 8.6023, √91 ≈ 9.5394.

ಬರೆಯುವ ಮುನ್ನ ಓದಿ

ಲೆಕ್ಕ ಶುರು ಮಾಡುವ ಮೊದಲು ಪ್ರತಿ ಪ್ರಶ್ನೆಯಲ್ಲೂ "ವಿಕರ್ಣ = ..." ಎಂದು ಒಂದು ಸಾಲು ಬರೆಯಿರಿ. ಬಾಹುಗಳ ವರ್ಗವನ್ನು ಕೂಡಬೇಕೋ ಕಳೆಯಬೇಕೋ ಎಂಬುದನ್ನು ಆ ಸಾಲೇ ತೀರ್ಮಾನಿಸುತ್ತದೆ. ವಿಕರ್ಣ ಎಂದರೆ 90° ಕೋನಕ್ಕೆ ಅಭಿಮುಖವಾದ ಬಾಹು. ಚಿತ್ರದಲ್ಲಿ ಅದು ಓರೆಯಾಗಿಯೇ ಇರಬೇಕೆಂದಿಲ್ಲ. ನೆಲದಂತೆ ಅಡ್ಡಲಾಗಿಯೂ ಗೋಡೆಯಂತೆ ನೆಟ್ಟಗೂ ಇರಬಹುದು.

ಉತ್ತರದ ರೂಪ ಹೀಗಿರಲಿ. "ನಿಖರ ಬೆಲೆ" ಎಂದು ಕೇಳಿದಲ್ಲಿ ಕರಣಿಯನ್ನು ಸರಳ ರೂಪದಲ್ಲಿ ಬರೆಯಿರಿ: √20 ಅಲ್ಲ, 2√5. "ಎರಡು ದಶಮಾಂಶ ಸ್ಥಾನಗಳಿಗೆ" ಎಂದಿದ್ದಲ್ಲಿ ದಶಮಾಂಶವನ್ನೇ ಬರೆಯಬೇಕು, ≈ ಚಿಹ್ನೆಯ ಜೊತೆ. ಏನೂ ಹೇಳದಿದ್ದರೆ ಎರಡರಲ್ಲಿ ಯಾವುದಾದರೂ ಸರಿ. ಮೂಲವು ಪೂರ್ಣಾಂಕವಾಗಿ ಬಂದರೆ ಅದನ್ನು ಬಿಡಿಸಿಯೇ ಬರೆಯಿರಿ. √49 ಎಂದು ಬಿಟ್ಟರೆ ಉತ್ತರ ಮುಗಿದಿಲ್ಲ.

ಭಾಗ ಅ: ವಿಕರ್ಣವನ್ನು ಗುರುತಿಸಿ (ಲೆಕ್ಕ ಬೇಡ)

1. ∆PQR ನಲ್ಲಿ ∠Q = 90°. ವಿಕರ್ಣ ಯಾವುದು? (1)

2. ∆LMN ನಲ್ಲಿ MN ಅಡ್ಡಲಾಗಿ ಕೆಳಗಿದೆ, L ಮೇಲಿದೆ, ∠L = 90°. ವಿಕರ್ಣ ಯಾವುದು? (1)

3. ABCD ಒಂದು ಆಯತ. BD ಅದರ ಕರ್ಣ. ∆ABD ಮತ್ತು ∆BCD ಗಳ ವಿಕರ್ಣಗಳನ್ನು ಹೆಸರಿಸಿ. (2)

4. ∆ABC ನಲ್ಲಿ ∠B = 90°. B ಯಿಂದ AC ಗೆ BD ಲಂಬವನ್ನು ಎಳೆದಿದೆ. ∆ABC, ∆ADB, ∆BDC ಇವುಗಳ ವಿಕರ್ಣಗಳನ್ನು ಬರೆಯಿರಿ. (3)

5. ಒಂದು ತ್ರಿಭುಜದ ಬಾಹುಗಳು 5 ಸೆಂ.ಮೀ, 6 ಸೆಂ.ಮೀ, 8 ಸೆಂ.ಮೀ. "ಉದ್ದದ ಬಾಹು 8, ಆದ್ದರಿಂದ ವಿಕರ್ಣ 8" ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದಾನೆ. ಇದು ಸರಿಯೇ? ಕಾರಣ ಕೊಡಿ. ಇಲ್ಲಿ ಮಾತ್ರ ಬಾಹುಗಳ ವರ್ಗ ಮಾಡಿ ನೋಡಬಹುದು. (2)

ಭಾಗ ಆ: ನಿಖರ ಬೆಲೆ ಕಂಡುಹಿಡಿಯಿರಿ

6. ∠B = 90°, AB = 6 ಸೆಂ.ಮೀ, BC = 4 ಸೆಂ.ಮೀ. AC ಎಷ್ಟು? (2)

7. ∠E = 90°, DF = 9 ಸೆಂ.ಮೀ, DE = 6 ಸೆಂ.ಮೀ. EF ಎಷ್ಟು? (2)

8. ∆XYZ ನಲ್ಲಿ ∠X = 90°, XY = XZ, YZ = 10 ಸೆಂ.ಮೀ. XY ಎಷ್ಟು? (3)

9. 8 ಸೆಂ.ಮೀ ಬಾಹುವಿನ ಸಮಬಾಹು ತ್ರಿಭುಜದ ಎತ್ತರ ಎಷ್ಟು? (3)

10. ಲಂಬಕೋನವನ್ನು ಉಂಟುಮಾಡುವ ಬಾಹುಗಳು √7 ಸೆಂ.ಮೀ ಮತ್ತು 3 ಸೆಂ.ಮೀ. ವಿಕರ್ಣ ಎಷ್ಟು? (2)

ಭಾಗ ಇ: ಅಳತೆಯ ಲೆಕ್ಕಗಳು

11. 5 ಮೀ ಉದ್ದದ ಏಣಿಯನ್ನು ಗೋಡೆಗೆ ಒರಗಿಸಿದೆ. ಏಣಿಯ ಬುಡ ಗೋಡೆಯಿಂದ 1.5 ಮೀ ದೂರದಲ್ಲಿದೆ. ಏಣಿಯ ತುದಿ ನೆಲದಿಂದ ಎಷ್ಟು ಎತ್ತರದಲ್ಲಿ ಗೋಡೆಯನ್ನು ಮುಟ್ಟುತ್ತದೆ? ಎರಡು ದಶಮಾಂಶ ಸ್ಥಾನಗಳಿಗೆ ಬರೆಯಿರಿ. (3)

12. 20 × 30 ಅಡಿ ಸೈಟಿನ ನಾಲ್ಕು ಮೂಲೆಗೂ ಗೂಟ ಹೊಡೆದಾಗಿದೆ. ನಾಲ್ಕು ಬದಿಗಳ ಅಳತೆಯೂ ಸರಿಯಿದೆ. ಮೂಲೆಗಳು ಲಂಬಕೋನವಾಗಿದ್ದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದಾಗ ಎಷ್ಟು ಅಡಿ, ಎಷ್ಟು ಇಂಚು ಬರಬೇಕು? ಸಮೀಪದ ಇಂಚಿಗೆ ಬರೆಯಿರಿ. (3)

13. ಲಂಬಕೋನವನ್ನು ಉಂಟುಮಾಡುವ ಬಾಹುಗಳು 5 ಸೆಂ.ಮೀ ಮತ್ತು 7 ಸೆಂ.ಮೀ. ತ್ರಿಭುಜದ ಸುತ್ತಳತೆಯನ್ನು (i) ನಿಖರವಾಗಿ, (ii) ಎರಡು ದಶಮಾಂಶ ಸ್ಥಾನಗಳಿಗೆ ಬರೆಯಿರಿ. (3)

---

ಉತ್ತರ ಸೂಚಿ ಮತ್ತು ಮೌಲ್ಯಮಾಪನ ಟಿಪ್ಪಣಿ (ಶಿಕ್ಷಕರಿಗೆ)

ಉತ್ತರ ನೋಡುವ ಮೊದಲು ವಿಕರ್ಣದ ಸಾಲು ನೋಡಿ. ಆಮೇಲೆ ಬಂದ ಸಂಖ್ಯೆಯನ್ನು ಎರಡು ರೀತಿ ಪರೀಕ್ಷಿಸಿದರೆ ಸಾಕು: ವಿಕರ್ಣವು ಉಳಿದೆರಡು ಬಾಹುಗಳಲ್ಲಿ ಪ್ರತಿಯೊಂದಕ್ಕಿಂತ ದೊಡ್ಡದಿರಬೇಕು, ಅವೆರಡರ ಮೊತ್ತಕ್ಕಿಂತ ಚಿಕ್ಕದಿರಬೇಕು. ಕೂಡುವ ಕಡೆ ಕಳೆದ, ಕಳೆಯುವ ಕಡೆ ಕೂಡಿದ ತಪ್ಪು ಮೊದಲ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. √(a² + b²) ಅನ್ನು a + b ಎಂದು ಬರೆದದ್ದು ಎರಡನೆಯದರಲ್ಲಿ. ಮಕ್ಕಳಿಗೂ ಇದನ್ನೇ ಕಲಿಸಿ. ಉತ್ತರ ಸೂಚಿ ಇಲ್ಲದೆಯೇ ತಮ್ಮ ತಪ್ಪನ್ನು ತಾವೇ ಹಿಡಿಯುತ್ತಾರೆ.

1. PR. ಶೃಂಗದ ಹೆಸರು Q ಸೇರದ ಬಾಹುವೇ ವಿಕರ್ಣ. ಚಿತ್ರ ಕೊಡದ ಪ್ರಶ್ನೆಗಳಲ್ಲಿ ಇದಕ್ಕಿಂತ ಬೇಗದ ದಾರಿ ಇಲ್ಲ.

2. MN. ಪಾದ, ಲಂಬ, ವಿಕರ್ಣ ಎಂದು ಯಾವಾಗಲೂ ಒಂದೇ ಭಂಗಿಯಲ್ಲಿ ಚಿತ್ರ ಬರೆದು ತೋರಿಸಿದ್ದರೆ "MN ಪಾದ, LN ವಿಕರ್ಣ" ಎಂಬ ಉತ್ತರ ಬರುತ್ತದೆ. ಕಪ್ಪುಹಲಗೆಯ ಮೇಲೆ ತ್ರಿಭುಜವನ್ನು ತಿರುಗಿಸಿ ಬರೆಯುವುದೇ ಮದ್ದು.

3. ಎರಡಕ್ಕೂ BD. ತಲಾ 1 ಅಂಕ. ಆಯತದ ಕರ್ಣವೇ ಎರಡೂ ತ್ರಿಭುಜಗಳ ವಿಕರ್ಣ, ಏಕೆಂದರೆ ಅದರ ಎದುರಿನ A ಮತ್ತು C ಎರಡೂ ಲಂಬಕೋನಗಳು.

4. ಕ್ರಮವಾಗಿ AC, AB, BC. ತಲಾ 1 ಅಂಕ. ಈ ಹಾಳೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಪ್ರಶ್ನೆ ಇದು. AB ಎಂಬ ಒಂದೇ ರೇಖೆ ದೊಡ್ಡ ತ್ರಿಭುಜದಲ್ಲಿ ಲಂಬಕೋನದ ಪಕ್ಕದ ಬಾಹು, ಚಿಕ್ಕದರಲ್ಲಿ ವಿಕರ್ಣ. "AC ವಿಕರ್ಣ" ಎಂದು ಒಮ್ಮೆ ಮನಸ್ಸಿಗೆ ಹತ್ತಿದವರು ಮೂರೂ ಕಡೆ AC ಎಂದೇ ಬರೆಯುತ್ತಾರೆ, ಆದರೆ ∆ADB ಯಲ್ಲಿ AC ಎಂಬ ಬಾಹುವೇ ಇಲ್ಲ. ಮೂರು ತ್ರಿಭುಜಗಳನ್ನು ಬಿಡಿಬಿಡಿಯಾಗಿ ಬರೆಸಿ, 90° ಗುರುತು ಹಾಕಿಸಿ, ಆಮೇಲೆ ಕೇಳಿ. ಪೈಥಾಗೊರಸ್ ಪ್ರಮೇಯವನ್ನು ಸಮರೂಪ ತ್ರಿಭುಜಗಳಿಂದ ಸಾಧಿಸುವುದು ಇದೇ ಚಿತ್ರದಿಂದ. ಇಲ್ಲಿ ಗೊಂದಲ ಉಳಿದರೆ ಸಾಧನೆಯೂ ಬಾಯಿಪಾಠವಾಗಿಯೇ ಉಳಿಯುತ್ತದೆ.

5. ಸರಿಯಲ್ಲ (1). 5² + 6² = 61, 8² = 64; ಸಮವಿಲ್ಲ, ಹಾಗಾಗಿ ಲಂಬಕೋನವಿಲ್ಲ, ವಿಕರ್ಣವೂ ಇಲ್ಲ (1). 64 ಹೆಚ್ಚಿರುವುದರಿಂದ 8 ರ ಎದುರಿನದು ವಿಶಾಲಕೋನ. ಇದನ್ನು ಬರೆಯದಿದ್ದರೂ ಪೂರ್ಣ ಅಂಕ. ವಿಕರ್ಣ ಅತಿ ಉದ್ದದ ಬಾಹು ಎಂಬುದು ನಿಜ. ಅತಿ ಉದ್ದದ ಬಾಹುವೆಲ್ಲ ವಿಕರ್ಣವಲ್ಲ.

6. AC² = 36 + 16 = 52 (1). AC = 2√13 ಸೆಂ.ಮೀ (1). √52 = 4√13 ಎಂದು ಬರೆದವರು 4 ಕ್ಕೆ ಮೂಲ ತೆಗೆಯುವುದನ್ನು ಮರೆತಿದ್ದಾರೆ. 4√13 ಸುಮಾರು 14.4; ಇದು 6 + 4 = 10 ಕ್ಕಿಂತ ಹೆಚ್ಚು, ಆದ್ದರಿಂದ ಆಗದು. √52 ಎಂದೇ ಬಿಟ್ಟರೆ ಬೆಲೆ ನಿಖರವೇ, ಆದರೆ ಸೂಚನೆಯಲ್ಲಿ ಸರಳ ರೂಪ ಕೇಳಿರುವುದರಿಂದ ಅರ್ಧ ಅಂಕ ಕಡಿಮೆ ಮಾಡಿ. ಬರೀ 7.21 ಎಂದಿದ್ದರೆ ಎರಡನೇ ಅಂಕ ಇಲ್ಲ. 2√13 ≈ 7.21 ಎಂದು ಎರಡನ್ನೂ ಬರೆದವರಿಗೆ ಪೂರ್ಣ ಅಂಕ. ಕರಣಿ ಇದ್ದ ಮೇಲೆ ದಶಮಾಂಶ ತೊಂದರೆಯಲ್ಲ.

7. ವಿಕರ್ಣ DF. EF² = 81 − 36 = 45 (1). EF = 3√5 ಸೆಂ.ಮೀ (1). ಇಲ್ಲಿ ಬರುವ ಸಾಮಾನ್ಯ ತಪ್ಪು 81 + 36 = 117, EF = 3√13. ಹಿಂದಿನ ಲೆಕ್ಕದಲ್ಲಿ ಕೂಡಿದ ಕೈ ಇಲ್ಲೂ ಕೂಡುತ್ತದೆ. ಎರಡನ್ನು ಅಕ್ಕಪಕ್ಕ ಇಟ್ಟಿರುವುದೇ ಅದಕ್ಕಾಗಿ. 3√13 ಸುಮಾರು 10.8, ವಿಕರ್ಣ 9 ಕ್ಕಿಂತ ಉದ್ದ. ಹೀಗೆ ಬರೆದವರಿಗೆ ಕರಣಿಯನ್ನು ಸರಿಯಾಗಿ ಸರಳಗೊಳಿಸಿದ್ದಕ್ಕೆ 1 ಅಂಕ ಕೊಡಬಹುದು, ಆದರೆ ಪಕ್ಕದಲ್ಲಿ "ವಿಕರ್ಣ ಯಾವುದು?" ಎಂದು ಬರೆಯಿರಿ. ಅಡ್ಡಗೀಟು ಮಾತ್ರ ಎಳೆದರೆ ತಪ್ಪು ಗುಣಾಕಾರದ್ದೆಂದು ಮಗು ತಿಳಿಯುತ್ತದೆ.

8. ವಿಕರ್ಣ YZ (1). 2·XY² = 100, XY² = 50 (1). XY = 5√2 ಸೆಂ.ಮೀ (1). 10/√2 ಎಂದು ಬರೆದದ್ದೂ ಬೆಲೆಯಲ್ಲಿ ನಿಖರವೇ. ಛೇದವನ್ನು ಅಕರಣೀಕರಿಸಬೇಕೆಂದು ಪ್ರಶ್ನೆ ಕೇಳಿಲ್ಲ, ಪೂರ್ಣ ಅಂಕ ಕೊಡಿ. 10√2 ಬಂದಿದ್ದರೆ 10 ನ್ನು ಸಮಬಾಹುಗಳಲ್ಲಿ ಒಂದೆಂದು ತಿಳಿದಿದ್ದಾರೆ.

9. ಎತ್ತರವು ಪಾದವನ್ನು 4 ಮತ್ತು 4 ಆಗಿ ವಿಭಾಗಿಸುತ್ತದೆ. ವಿಕರ್ಣ 8 (1). h² = 64 − 16 = 48 (1). h = 4√3 ಸೆಂ.ಮೀ (1). ಪಾದವನ್ನು ಅರ್ಧ ಮಾಡದೆ 64 − 64 = 0 ಎಂದು ಬಂದು ಗಾಬರಿಯಾದವರಿಗೆ ಚಿತ್ರ ಬರೆಸಿ.

10. 7 + 9 = 16 (1), ವಿಕರ್ಣ 4 ಸೆಂ.ಮೀ (1). √7 ನ್ನು ಮೊದಲೇ 2.6 ಎಂದು ಮಾಡಿಕೊಂಡರೆ 6.76 + 9 = 15.76, ಉತ್ತರ 3.97. ಕರಣಿಯ ವರ್ಗ ಮಾಡಿದರೆ ಮೂಲದ ಚಿಹ್ನೆ ತಾನಾಗಿಯೇ ಹೋಗುತ್ತದೆ. ಅದಕ್ಕೂ ಮೊದಲೇ ದಶಮಾಂಶಕ್ಕೆ ಇಳಿದರೆ ಪೂರ್ಣಾಂಕ ಕೈತಪ್ಪುತ್ತದೆ. ದಶಮಾಂಶ ಏನಿದ್ದರೂ ಕೊನೆಯ ಸಾಲಿನಲ್ಲಿ. 3.97 ಕ್ಕೆ ಎರಡನೇ ಅಂಕ ಇಲ್ಲ.

11. ವಿಕರ್ಣ ಏಣಿ, 5 ಮೀ (1). h² = 25 − 2.25 = 22.75 = 91/4 (1). h = √91/2 ≈ 4.77 ಮೀ (1). √91/2 ರಲ್ಲೇ ನಿಲ್ಲಿಸಿದರೆ ಕೊನೆಯ ಅಂಕ ಇಲ್ಲ, ದಶಮಾಂಶ ಕೇಳಿದೆ. 4.76 ಎಂದರೆ ಮೂರನೇ ಅಂಕಿಯನ್ನು ನೋಡದೆ ಕತ್ತರಿಸಿದ್ದಾರೆ (4.7697), ಅರ್ಧ ಅಂಕ. √27.25 ≈ 5.22 ಬಂದಿದ್ದರೆ ಏಣಿ ತನ್ನ ಉದ್ದಕ್ಕಿಂತ ಮೇಲೆ ಹತ್ತಿದೆ.

12. d² = 400 + 900 = 1300 (1). d = 10√13 ≈ 36.06 ಅಡಿ (1). 36 ಅಡಿ 1 ಇಂಚು (1). 10√13 ಗಣಿತದಲ್ಲಿ ಸರಿಯಾದರೂ ಟೇಪಿನ ಮೇಲೆ ಆ ಗುರುತಿಲ್ಲ. ಅದಕ್ಕೇ ಇಲ್ಲಿ ಕರಣಿ ಉತ್ತರವಲ್ಲ, ಹಂತ ಮಾತ್ರ. ದೊಡ್ಡ ಬಲೆ ಇರುವುದು ಇಂಚಿನಲ್ಲಿ. 36.06 ಅನ್ನು "36 ಅಡಿ 6 ಇಂಚು" ಎಂದು ಓದಿದರೆ ಮೂರನೇ ಅಂಕ ಇಲ್ಲ: 0.0556 × 12 ≈ 0.67, ಅಂದರೆ ಸಮೀಪದ ಇಂಚು 1. ಹೆಚ್ಚು ಪರಿಚಿತವಾದ 30 × 40 ಸೈಟಿಗೆ ಕರ್ಣ ಸರಿಯಾಗಿ 50 ಅಡಿ, ಅಲ್ಲಿ ಕರಣಿಯ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕಾಗಿಯೇ ಇಲ್ಲಿ 20 × 30 ಕೊಟ್ಟಿದೆ.

ಕರಣಿಯೋ ಹತ್ತಿರದ ಬೆಲೆಯೋ ಎಂಬ ಈ ಆಯ್ಕೆ ಹಳೆಯದು. ಬೌಧಾಯನ ಶುಲ್ಬಸೂತ್ರ ಆಯತದ ಕರ್ಣದ ನಿಯಮವನ್ನು ಹೇಳುತ್ತದೆ, ಜೊತೆಗೆ ಅಳತೆಗೆ ಬಳಸಬಹುದಾದ √2 ರ ಬೆಲೆಯನ್ನೂ ಕೊಡುತ್ತದೆ: 1 + 1/3 + 1/(3·4) − 1/(3·4·34) = 577/408 ≈ 1.41422. ಐದು ದಶಮಾಂಶ ಸ್ಥಾನಗಳಿಗೆ √2 ರ ಬೆಲೆ 1.41421. ಸಮಯವಿದ್ದರೆ ಈ ಮೊತ್ತವನ್ನು ಮಕ್ಕಳಿಂದಲೇ ಮಾಡಿಸಿ.

13. ವಿಕರ್ಣ √(25 + 49) = √74 (1). (i) (12 + √74) ಸೆಂ.ಮೀ (1). (ii) ≈ 20.60 ಸೆಂ.ಮೀ (1). 12√74 ಎಂದು ಅಂಟಿಸಿ ಬರೆದರೆ (i) ಕ್ಕೆ ಅಂಕ ಇಲ್ಲ. ಪೂರ್ಣಾಂಕವನ್ನೂ ಕರಣಿಯನ್ನೂ ಕೂಡಿ ಒಂದೇ ಪದ ಮಾಡಲಾಗದು. 20.6 ಎಂದು ಸೊನ್ನೆ ಬಿಟ್ಟವರಿಗೆ ಅಂಕ ಕಡಿಯಬೇಡಿ, ಆದರೆ ಎರಡು ಸ್ಥಾನ ಕೇಳಿದಾಗ ಸೊನ್ನೆಯನ್ನೂ ಬರೆಯಬೇಕೆಂದು ತಿದ್ದಿ. (i) ರಲ್ಲಿ 20.60 ಬರೆದು (ii) ರಲ್ಲಿ 12 + √74 ಬರೆದಿದ್ದರೆ ಲೆಕ್ಕ ಸರಿ, ನಿಖರ ಯಾವುದು ಎಂಬುದು ತಿಳಿದಿಲ್ಲ: ಒಟ್ಟು 2 ಅಂಕ.