ಕೂಲಿಂಗ್ ಟವರ್ ಪಂಪ್-2: ಪದೇ ಪದೇ ಬೇರಿಂಗ್ ಕೆಟ್ಟಿದ್ದಕ್ಕೆ ಮೂಲ ಕಾರಣ ವರದಿ

ತೊಂದರೆ: ನಾಲ್ಕು ತಿಂಗಳಲ್ಲಿ ಮೂರು ಸಲ 6306 ಬೇರಿಂಗ್ ಜಾಮ್ ಆಯಿತು. ಕೊನೆಯ ಸಲ ಲೈನ್ 5 ಗಂಟೆ ನಿಂತಿತು. ಪ್ರತಿ ಸಲವೂ ಸುಮ್ನೆ ಬೇರಿಂಗ್ ಬದಲಿಸಿ ಮುಂದೆ ಹೋದೆವು. ತಪ್ಪು ನಮ್ಮದೇ.

ಐದು 'ಯಾಕೆ'
1. ಪಂಪ್ ಯಾಕೆ ನಿಂತಿತು? ಬೇರಿಂಗ್ ಜಾಮ್.
2. ಜಾಮ್ ಯಾಕೆ? ಗ್ರೀಸಿಗೆ ನೀರು ಸೇರಿ ಮಜ್ಜಿಗೆಯಂತೆ ಬೆಳ್ಳಗಾಗಿತ್ತು.
3. ನೀರು ಯಾಕೆ ಬಂತು? ಗ್ಲ್ಯಾಂಡಿನಿಂದ ಚಿಮ್ಮಿ ಬೇರಿಂಗ್ ಕವರಿನ ಮೇಲೆ ಬೀಳುತ್ತಿತ್ತು. ಹನಿ ಹನಿಯಾಗಿ ಸೋರಬೇಕು, ಪ್ಯಾಕಿಂಗ್ ತಂಪಾಗಿರಲು ಅದು ಬೇಕೇ ಬೇಕು. ಇಲ್ಲಿ ಧಾರೆಯೇ ಇತ್ತು.
4. ಧಾರೆ ಯಾಕೆ? ಶಾಫ್ಟ್ ಸ್ಲೀವ್ ಸವೆದು ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದೆ. ಹೊಸ ಪ್ಯಾಕಿಂಗ್ ವಾರವೂ ನಿಲ್ಲುವುದಿಲ್ಲ.
5. ಸ್ಲೀವ್ ಯಾಕೆ ಬದಲಿಸಲಿಲ್ಲ? ತಪಾಸಣೆ ಪಟ್ಟಿಯಲ್ಲೂ ಇಲ್ಲ, ಸ್ಟೋರ್ಸಿನಲ್ಲೂ ಇಲ್ಲ. ಇದೇ ಮೂಲ ಕಾರಣ.

ಮೀನಿನ ಮುಳ್ಳಿನ ಚಿತ್ರದಿಂದ
ತಲೆ: ಬೇರಿಂಗ್ ಜಾಮ್.
ಯಂತ್ರ: ಸವೆದ ಸ್ಲೀವ್, ನೀರು ತಡೆಯುವ ರಬ್ಬರ್ ರಿಂಗ್ ಕಳೆದುಹೋಗಿದೆ.
ವಿಧಾನ: ಸೋರಿದಾಗೆಲ್ಲ ಗ್ಲ್ಯಾಂಡ್ ನಟ್ ಬಿಗಿ ಮಾಡುವುದು. ಇದರಿಂದ ಸ್ಲೀವ್ ಇನ್ನೂ ಬೇಗ ಸವೆಯಿತು.
ಜನ: ರಾತ್ರಿ ಪಾಳಿಯವರಿಗೆ ಎಷ್ಟು ಹನಿ ಸರಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.
ಸಾಮಗ್ರಿ: ಬೇರಿಂಗ್ ನಕಲಿ ಎಂಬ ಅನುಮಾನವಿತ್ತು. ಪರಿಶೀಲಿಸಿದೆವು, ಅಸಲಿಯೇ.
ಅಳತೆ: ಅಲೈನ್‌ಮೆಂಟ್ ಡಯಲ್ ಗೇಜಿನಲ್ಲಿ ನೋಡಿದೆವು, ಸರಿಯಿದೆ.
ಪರಿಸರ: ನೀರಿನಲ್ಲಿ ಮರಳು ಇದೆ. ಸ್ಲೀವ್ ಸವೆತಕ್ಕೆ ಇದೂ ಸೇರಿರಬಹುದು, ಇನ್ನೂ ಖಚಿತವಿಲ್ಲ.

ಕ್ರಮ: ಸ್ಲೀವ್, ರಬ್ಬರ್ ರಿಂಗ್ ಈ ಭಾನುವಾರ ಬದಲು (ಮೆಂಟೆನೆನ್ಸ್). ಎರಡು ಸ್ಲೀವ್ ಸದಾ ದಾಸ್ತಾನು (ಸ್ಟೋರ್ಸ್). ತಿಂಗಳ ಪಟ್ಟಿಗೆ ಸ್ಲೀವ್ ತಪಾಸಣೆ ಸೇರ್ಪಡೆ; ಪಂಪ್-1, ಪಂಪ್-3ಕ್ಕೂ. ಮೂರು ತಿಂಗಳು ಪ್ರತಿ ವಾರ ಗ್ರೀಸಿನ ಬಣ್ಣ ನೋಡಿ ಲಾಗ್ ಪುಸ್ತಕದಲ್ಲಿ ಬರೆಯಬೇಕು.