ವಿಷಯ: ವಾಷಿಂಗ್ ಮಷೀನ್ ದೂರು 40718, ಇನ್ನೂ ಉತ್ತರ ಬಂದಿಲ್ಲ

ನಮಸ್ಕಾರ,

ನಮ್ಮ ಮಷೀನಿನಿಂದ ನೀರು ಹೊರಗೆ ಹೋಗುತ್ತಿಲ್ಲ ಎಂದು ಮಾರ್ಚ್ 3ರಂದು ದೂರು ಕೊಟ್ಟಿದ್ದೆ. ದೂರಿನ ಸಂಖ್ಯೆ ಬಂತು, ಅಷ್ಟೇ. 10ರಂದು ಮತ್ತೆ ಮೇಲ್ ಮಾಡಿದೆ. 14ರಂದು ಫೋನ್ ಮಾಡಿದಾಗ "ಎರಡು ದಿನದಲ್ಲಿ ಟೆಕ್ನಿಷಿಯನ್ ಬರುತ್ತಾರೆ" ಎಂದರು. ಇವತ್ತು 21. ಯಾರೂ ಬಂದಿಲ್ಲ.

ವಾರಂಟಿ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ದೂರು ಕೊಟ್ಟಿದ್ದು ಅದಕ್ಕೂ ಮೊದಲೇ ಅಲ್ವಾ? ಹಾಗಾಗಿ ತಡವಾದರೂ ರಿಪೇರಿ ವಾರಂಟಿಯಲ್ಲೇ ಆಗುತ್ತದೆ ಎಂದು ಮೇಲ್‌ನಲ್ಲೇ ಬರೆದು ತಿಳಿಸಿ.

ಟೆಕ್ನಿಷಿಯನ್ ಯಾವ ದಿನ, ಎಷ್ಟು ಗಂಟೆಗೆ ಬರುತ್ತಾರೆ? ಬಿಡಿಭಾಗ ತರಿಸಬೇಕಾದರೆ ಎಷ್ಟು ದಿನ ಹಿಡಿಯುತ್ತದೆ? ಮಾರ್ಚ್ 24ರ ಸಂಜೆಯೊಳಗೆ ಉತ್ತರಿಸಿ. "ಆದಷ್ಟು ಬೇಗ" ಎಂದು ಸುಮ್ನೆ ಬರೆಯಬೇಡಿ, ನನಗೆ ತಾರೀಖು ಬೇಕು.

ಹಿಂದಿನ ಎರಡೂ ಮೇಲ್‌ಗಳು ಕೆಳಗಿವೆ.

ಇಂತಿ,
ದೂರು 40718ರ ಗ್ರಾಹಕಿ