ಈ ವರ್ಷದ ದೀಪಾವಳಿ ಬೋನಸ್ ಬಗ್ಗೆ

ದೊಡ್ಡಬಳ್ಳಾಪುರ
8 ಅಕ್ಟೋಬರ್ 2025, ಬುಧವಾರ

ಕಟಿಂಗ್, ಸ್ಟಿಚಿಂಗ್, ಚೆಕ್ಕಿಂಗ್, ಐರನಿಂಗ್, ಪ್ಯಾಕಿಂಗ್ ಮತ್ತು ಆಫೀಸಿನ ಎಲ್ಲರಿಗೂ ನಮಸ್ಕಾರ.

ಕಳೆದ ಬುಧವಾರ ಆಯುಧಪೂಜೆಯ ದಿನ ಮೆಷಿನ್‌ಗಳಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು ಒಳಗೆ ಬರುವಾಗ ನಿಮ್ಮಲ್ಲಿ ಒಬ್ಬರು ನನ್ನನ್ನು ಕೇಳಿದರು: "ಸಾರ್, ಈ ಸಲ ಎಷ್ಟು ಪರ್ಸೆಂಟ್?" ನಾನು "ನೋಡೋಣಮ್ಮ" ಅಂದೆ. ಆಗಲೇ ನನಗೆ ಉತ್ತರ ಗೊತ್ತಿತ್ತು. ಪೂಜೆಯ ದಿನ ಹೇಳಲು ಬಾಯಿ ಬರಲಿಲ್ಲ. ಅದು ಸರಿಯಾಗಲಿಲ್ಲ, ಕ್ಷಮಿಸಿ. ಈಗ ಉತ್ತರ ಹೇಳುತ್ತಿದ್ದೇನೆ.

ಈ ವರ್ಷ ಬೋನಸ್ 8.33 ಪರ್ಸೆಂಟ್. ಹೋದ ವರ್ಷ 12 ಕೊಟ್ಟಿದ್ದೆವು. ಇದರ ಜೊತೆಗೆ ಎಲ್ಲರಿಗೂ ಒಂದೇ ಸಮನಾಗಿ 1,500 ರೂಪಾಯಿ ಸೇರಿಸುತ್ತೇವೆ. ಹಣ ಇದೇ 15ನೇ ತಾರೀಖು, ಬುಧವಾರ, ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ಕೈಗೆ ಎಷ್ಟು ಬರುತ್ತೆ ಅನ್ನೋದೇ ಮುಖ್ಯ ಅಲ್ವಾ. ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 13,000 ರೂಪಾಯಿ ಇದ್ದ ಒಬ್ಬ ಟೈಲರ್ ಲೆಕ್ಕ ತಗೊಳ್ಳಿ. ವರ್ಷಕ್ಕೆ 1,56,000 ಆಯಿತು. ಅದರ 8.33 ಪರ್ಸೆಂಟ್ ಅಂದರೆ 12,995. ಮೇಲಿನ 1,500 ಸೇರಿಸಿದರೆ 14,495. ಹೋದ ವರ್ಷದ ಹಾಗೆ 12 ಪರ್ಸೆಂಟ್ ಕೊಟ್ಟಿದ್ದರೆ ಇದೇ ಸಂಬಳಕ್ಕೆ 18,720 ಬರುತ್ತಿತ್ತು. ಅಂದರೆ 4,225 ರೂಪಾಯಿ ಕಡಿಮೆ. ಇದು ಸಣ್ಣ ಮೊತ್ತ ಅಂತ ನಾನು ಹೇಳುವುದಿಲ್ಲ. ಮನೆಯವರಿಗೆಲ್ಲಾ ಹಬ್ಬದ ಬಟ್ಟೆ ಬರುವಷ್ಟು ದುಡ್ಡು ಅದು. ಚೀಟಿ ಕಟ್ಟಲು, ಕೈಸಾಲ ತೀರಿಸಲು ಎಷ್ಟೋ ಮನೆಗಳಲ್ಲಿ ಈ ಹಣವನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ನೀವು ಅಂಗಡಿಗೆ ಹೋಗುವ ಮೊದಲೇ ಗೊತ್ತಾಗಲಿ ಅಂತಲೇ ಹಣ ಬರುವುದಕ್ಕೆ ಒಂದು ವಾರ ಮುಂಚೆ ಈ ಪತ್ರ ಬರೆದಿದ್ದೇನೆ.

ಇನ್ನು ಯಾಕೆ ಕಡಿಮೆ ಅನ್ನೋದು.

ಅಮೆರಿಕದ ಸುಂಕದಿಂದ ಹೀಗಾಯಿತು ಅಂತ ಕ್ಯಾಂಟೀನಿನಲ್ಲಿ ಮಾತಾಡಿಕೊಳ್ಳುತ್ತಿದ್ದೀರಿ. ಟಿವಿಯಲ್ಲೂ ಅದೇ ಸುದ್ದಿ. ನಾನೂ ಅದನ್ನೇ ಹೇಳಿ ಸುಮ್ಮನಾಗಬಹುದಿತ್ತು, ನೀವು ನಂಬುತ್ತಿದ್ದಿರಿ ಕೂಡ. ಆದರೆ ಅದು ನಿಜವಲ್ಲ. ಈಗ ಕೊಡುತ್ತಿರುವ ಬೋನಸ್ 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ವರ್ಷದ್ದು. ಸುಂಕ ಏರಿದ್ದು ಈ ಆಗಸ್ಟ್‌ನಲ್ಲಿ. ನಮ್ಮ ಲಾಭ ಕುಸಿದದ್ದು ಅದಕ್ಕಿಂತ ಮೊದಲು.

2023-24ರಲ್ಲಿ ಬೋನಸ್ ಕೊಡುವುದಕ್ಕೆ ಮುಂಚೆ 21 ಲಕ್ಷ ರೂಪಾಯಿ ಉಳಿದಿತ್ತು. 2024-25ರಲ್ಲಿ ಉಳಿದದ್ದು 6,40,000. ಹೆಚ್ಚುಕಡಿಮೆ 14,60,000 ರೂಪಾಯಿ ಹೋಯಿತು. ಎಲ್ಲಿಗೆ ಹೋಯಿತು ಅಂತ ಹೇಳುತ್ತೇನೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಫೆಬ್ರವರಿಯ ಆ 6,200 ಶರ್ಟಿನ ಲಾಟ್. ಒಗೆದು ನೋಡಿದಾಗ ಕಾಲರ್ ಗುಳ್ಳೆ ಎದ್ದಿತ್ತು, ಇಡೀ ಲಾಟ್ ವಾಪಸ್ ಬಂತು. ನಮಗೆ ಕೆಲಸ ಕೊಡುವ ಎಕ್ಸ್‌ಪೋರ್ಟ್ ಕಂಪನಿಯವರು ಬಿಲ್ಲಿನಲ್ಲಿ 4,80,000 ಮುರಿದುಕೊಂಡರು. ಹೊಸ ಕ್ಯಾನ್ವಾಸ್, ಓಟಿ, ಲಾರಿ ಬಾಡಿಗೆ ಅಂತ ಇನ್ನೂ 2,20,000 ಖರ್ಚಾಯಿತು. ಇದಕ್ಕೆ ಎರಡನೇ ಲೈನಿನವರು ಕಾರಣ ಅನ್ನುವ ಮಾತು ಇವತ್ತಿಗೂ ಓಡಾಡುತ್ತಿದೆ. ದಯವಿಟ್ಟು ಆ ಮಾತು ನಿಲ್ಲಿಸಿ. ಹೊಲಿಗೆಯಲ್ಲಿ ಏನೂ ತಪ್ಪಿರಲಿಲ್ಲ. ಫ್ಯೂಸಿಂಗ್ ಮೆಷಿನ್‌ನ ಬಿಸಿ ಒಂದು ಕಡೆ ಕಡಿಮೆ ಆಗುತ್ತಿತ್ತು, ಕ್ಯಾನ್ವಾಸ್ ಸರಿಯಾಗಿ ಅಂಟುತ್ತಿರಲಿಲ್ಲ. ಮೆಷಿನ್ ಸರ್ವಿಸ್ ಮಾಡಿಸಬೇಕು ಅಂತ ಮೆಕ್ಯಾನಿಕ್ ಡಿಸೆಂಬರ್‌ನಲ್ಲೇ ಹೇಳಿದ್ದರು. ಆರ್ಡರ್ ಅರ್ಜೆಂಟ್ ಇದೆ, ಒಂದು ತಿಂಗಳು ಹೋಗಲಿ ಅಂದವನು ನಾನು. ಆ ಎರಡು ವಾರ ರಾತ್ರಿ ಎಂಟರವರೆಗೆ ಕೂತು ಕಾಲರ್ ಬಿಚ್ಚಿ ಮತ್ತೆ ಹೊಲಿದವರು ನೀವು. ನನ್ನ ತಪ್ಪಿಗೆ ನೀವು ಬೈಸಿಕೊಂಡಿರಿ. ಅವತ್ತೇ ಎಲ್ಲರ ಮುಂದೆ ಹೇಳಬೇಕಿತ್ತು.

ಎರಡನೆಯದು ಹೊಸ ಮೆಷಿನ್‌ಗಳು. ಹೋದ ವರ್ಷ ಜೂನ್‌ನಲ್ಲಿ 14 ಲಕ್ಷ ಸಾಲ ಮಾಡಿ 20 ಮೆಷಿನ್ ತಂದೆವು. ಆರ್ಡರ್ ಜಾಸ್ತಿ ಆಗುತ್ತೆ ಅಂತ ನಂಬಿದ್ದೆ, ಆಗಲಿಲ್ಲ. ಅದರ ಬಡ್ಡಿ ಮತ್ತು ಸವಕಳಿ ಸೇರಿ ಆ ವರ್ಷದ ಲೆಕ್ಕಕ್ಕೆ 3,30,000 ಬಂತು. ಅದರಲ್ಲಿ ಎಂಟು ಮೆಷಿನ್ ಇವತ್ತು ಬಟ್ಟೆ ಹೊದ್ದು ನಿಂತಿರುವುದನ್ನು ನೀವೇ ನೋಡುತ್ತಿದ್ದೀರಿ.

ಉಳಿದ 4,30,000 ಸಂಬಳ, ಪಿಎಫ್, ಇಎಸ್‌ಐ ಏರಿದ್ದಕ್ಕೆ ಹೋಯಿತು. ಇದನ್ನು ನಷ್ಟ ಅಂತ ಕರೆಯಲು ನನಗೆ ಇಷ್ಟವಿಲ್ಲ. ಬೆಲೆ ಏರಿದ ಹಾಗೆ ಪ್ರತಿ ಏಪ್ರಿಲ್‌ನಲ್ಲಿ ಡಿಎ ಏರಲೇಬೇಕು, ಅದು ನಿಮ್ಮ ಹಕ್ಕು. ತೊಂದರೆ ಇರುವುದು ಇನ್ನೊಂದು ಕಡೆ. ಒಂದು ಶರ್ಟಿಗೆ ನಮಗೆ ಸಿಗುವ ರೇಟ್ ಎರಡು ವರ್ಷದಿಂದ 165 ರೂಪಾಯಿಯಲ್ಲೇ ನಿಂತಿದೆ. ಗಟ್ಟಿಯಾಗಿ ಕೇಳಿದರೆ ಆರ್ಡರ್ ಬೇರೆ ಯೂನಿಟ್‌ಗೆ ಹೋದೀತು ಅಂತ ನಾನು ಹೆದರಿ ಕೂತೆ.

ಕಾನೂನಿನ ವಿಷಯವೂ ನಿಮಗೆ ತಿಳಿದಿರಲಿ. 1965ರ ಬೋನಸ್ ಕಾಯ್ದೆಯ ಪ್ರಕಾರ ಕಡಿಮೆ ಅಂದರೆ 8.33 ಪರ್ಸೆಂಟ್, ಜಾಸ್ತಿ ಅಂದರೆ 20. ಲಾಭ ಇರಲಿ, ಬಿಡಲಿ, 8.33 ಕೊಡಲೇಬೇಕು. ಹಾಗಾಗಿ ಇದನ್ನು ನಾನು ಪ್ರೀತಿಯಿಂದ ಕೊಡುವ ಹಬ್ಬದ ಉಡುಗೊರೆ ಅಂತ ಯಾರೂ ತಿಳಿಯಬೇಡಿ. ನೀವು ದುಡಿದದ್ದು, ನಿಮಗೇ ಬರಬೇಕಾದದ್ದು. ಎಲ್ಲರಿಗೂ ಸೇರಿ ಇದು 8,10,000 ಆಗುತ್ತದೆ. ಉಳಿದದ್ದು 6,40,000 ಅಂತ ಮೇಲೆ ಹೇಳಿದೆನಲ್ಲ, ಕಡಿಮೆ ಬಿದ್ದ 1,70,000 ರೂಪಾಯಿಯನ್ನು ಹಿಂದಿನ ವರ್ಷಗಳ ಉಳಿತಾಯದಿಂದ ತೆಗೆದಿದ್ದೇವೆ. ಮೇಲಿನ 1,500 ಮಾತ್ರ ಕಾನೂನಿಗೆ ಸೇರಿದ್ದಲ್ಲ. ಹಳೆಯ ಆರು ಮೆಷಿನ್ ಮಾರಿದಾಗ 93,000 ಬಂತು. ಅದನ್ನು ನಾವು 62 ಜನಕ್ಕೆ ಸಮನಾಗಿ ಹಂಚಿದ್ದೇವೆ. ಹೆಲ್ಪರ್‌ಗೂ ಅಷ್ಟೇ, ಸೂಪರ್‌ವೈಸರ್‌ಗೂ ಅಷ್ಟೇ. ಆ 62ರಲ್ಲಿ ನಾನು, ನನ್ನ ಮನೆಯವರು ಯಾರೂ ಇಲ್ಲ.

ಹಾಗಾದರೆ ಉಳಿತಾಯದಿಂದ ಇನ್ನಷ್ಟು ತೆಗೆದು ಹೋದ ವರ್ಷದಷ್ಟೇ ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುಂಕದ ವಿಷಯ ಬರುವುದು ಇಲ್ಲಿ. ಆಗಸ್ಟ್ 7ರಿಂದ ಅಮೆರಿಕ ನಮ್ಮ ದೇಶದ ಮಾಲಿನ ಮೇಲೆ 25 ಪರ್ಸೆಂಟ್ ಹೆಚ್ಚುವರಿ ಸುಂಕ ಹಾಕಿತು. ಆಗಸ್ಟ್ 27ರಿಂದ ಅದು 50 ಆಯಿತು. 1,000 ರೂಪಾಯಿಯ ಶರ್ಟ್ ಅಲ್ಲಿ ಇಳಿದರೆ ಮೊದಲಿನಿಂದ ಇದ್ದ ಸುಂಕದ ಮೇಲೆ ಇನ್ನೂ 500 ಕಟ್ಟಬೇಕು. ಬಾಂಗ್ಲಾದೇಶ, ವಿಯೆಟ್ನಾಂ ಶರ್ಟಿಗೆ ಇದು 20 ಪರ್ಸೆಂಟ್ ಮಾತ್ರ. ನಾವು ಹೊಲಿಯುವ ಶರ್ಟಿನಲ್ಲಿ ಹೆಚ್ಚಿನ ಪಾಲು ಹೋಗುವುದು ಅಮೆರಿಕಕ್ಕೇ. ತಿಂಗಳಿಗೆ 9,000 ಬರುತ್ತಿದ್ದ ಆರ್ಡರ್ ಸೆಪ್ಟೆಂಬರ್‌ನಲ್ಲಿ 5,200ಕ್ಕೆ ಇಳಿಯಿತು. ಈ ತಿಂಗಳು 4,800. ಇಷ್ಟು ಕೆಲಸದಲ್ಲಿ ಬರುವ ಹಣದಿಂದ 62 ಜನರ ಸಂಬಳ ಹೊರಡುವುದಿಲ್ಲ. ಕೈಯಲ್ಲಿರುವ ಉಳಿತಾಯ ಈಗ ನವೆಂಬರ್, ಡಿಸೆಂಬರ್ ಸಂಬಳಕ್ಕೆ ಬೇಕು. ಬೋನಸ್ ಜಾಸ್ತಿ ಕೊಟ್ಟು ಡಿಸೆಂಬರ್‌ನಲ್ಲಿ ಸಂಬಳ ತಡ ಮಾಡುವುದಕ್ಕಿಂತ ಇದು ಮೇಲು ಅನ್ನಿಸಿತು. ಈ ತೀರ್ಮಾನ ನನ್ನದು. ಸೂಪರ್‌ವೈಸರ್‌ಗಳನ್ನು ಇದಕ್ಕೆ ಕೇಳಬೇಡಿ, ಸಿಟ್ಟಿದ್ದರೆ ನನ್ನ ಹತ್ತಿರವೇ ಬನ್ನಿ.

ಡಿಸೆಂಬರ್ ಕೊನೆಯವರೆಗೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಸಂಬಳ ಎಂದಿನಂತೆ 7ನೇ ತಾರೀಖಿನೊಳಗೆ ಬರುತ್ತದೆ. ಪಿಎಫ್, ಇಎಸ್‌ಐ ನಿಲ್ಲುವುದಿಲ್ಲ. ಜನವರಿಯ ಮಾತನ್ನು ಈಗ ಕೊಡಲಾರೆ. ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸಕ್ಕೆ ಬೆಂಗಳೂರಿನ ಇಬ್ಬರು ವ್ಯಾಪಾರಿಗಳ ಜೊತೆ ಮಾತುಕತೆ ನಡೆದಿದೆ, ಇನ್ನೂ ಕುದುರಿಲ್ಲ. ಕುದುರಿದ ದಿನವೇ ಹೇಳುತ್ತೇನೆ. ಕುದುರದಿದ್ದರೂ ಡಿಸೆಂಬರ್ 10ರೊಳಗೆ ಎಲ್ಲರನ್ನೂ ಕೂರಿಸಿ ಪರಿಸ್ಥಿತಿ ಹೇಗಿದೆ ಅಂತ ಹೇಳುತ್ತೇನೆ.

ಮೇಲಿನ ಲೆಕ್ಕವನ್ನು ನನ್ನ ಮಾತಿನ ಮೇಲೆ ಸುಮ್ನೆ ನಂಬಬೇಕಿಲ್ಲ. ಈ ಶನಿವಾರ, 11ನೇ ತಾರೀಖು, ಮಧ್ಯಾಹ್ನ ಮೂರರಿಂದ ಐದರವರೆಗೆ ಲೆಕ್ಕದ ಪುಸ್ತಕ ಮತ್ತು ಬೋನಸ್ ರಿಜಿಸ್ಟರ್ ಆಫೀಸಿನ ಮೇಜಿನ ಮೇಲೆ ಇರುತ್ತವೆ. ಪ್ರತಿ ಸೆಕ್ಷನ್‌ನಿಂದ ಇಬ್ಬರು ಬನ್ನಿ, ಯಾರು ಅಂತ ನೀವೇ ಆರಿಸಿಕೊಳ್ಳಿ. ನಮ್ಮ ಅಕೌಂಟೆಂಟ್ ಅಲ್ಲೇ ಇರುತ್ತಾರೆ. ಆ ಎರಡು ಗಂಟೆಗೆ ಸಂಬಳ ಹಿಡಿಯುವುದಿಲ್ಲ. ಅದಾದ ಮೇಲೂ ಅನುಮಾನ ಉಳಿದರೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹಾಗೆ ಹೋದವರನ್ನು ಇಲ್ಲಿ ಯಾರೂ ಬೇರೆ ಕಣ್ಣಿನಿಂದ ನೋಡುವುದಿಲ್ಲ.

ಹಬ್ಬಕ್ಕೆ ಕೈ ಬಿಗಿ ಆಗುವವರಿಗೆ 3,000 ರೂಪಾಯಿವರೆಗೆ ಅಡ್ವಾನ್ಸ್ ಇಟ್ಟಿದ್ದೇವೆ. ಬಡ್ಡಿ ಇಲ್ಲ. ಜನವರಿಯಿಂದ ತಿಂಗಳಿಗೆ 500ರಂತೆ ಆರು ಕಂತಿನಲ್ಲಿ ಸಂಬಳದಿಂದ ಹಿಡಿಯುತ್ತೇವೆ. ಬೇಕಾದವರು ಸೋಮವಾರ 13ರೊಳಗೆ ಆಫೀಸಿನಲ್ಲಿ ಹೆಸರು ಬರೆಸಿ. ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ. ಬಡ್ಡಿಗೆ ಹೊರಗೆ ಸಾಲ ಮಾಡುವ ಮೊದಲು ಇಲ್ಲಿ ಕೇಳಿ, ಅಷ್ಟು ಮಾತ್ರ ನನ್ನ ವಿನಂತಿ.

ಇನ್ನೊಂದು ವಿಷಯ. ಆ ವರ್ಷ ಕನಿಷ್ಠ 30 ದಿನ ಇಲ್ಲಿ ಕೆಲಸ ಮಾಡಿ ಬಿಟ್ಟುಹೋದವರಿಗೂ ದುಡಿದ ದಿನಗಳ ಲೆಕ್ಕದಲ್ಲಿ ಬೋನಸ್ ಇದೆ. ಅಂಥವರು ಏಳು ಜನ. ಮೂವರ ಫೋನ್ ನಂಬರ್ ಬದಲಾಗಿದೆ, ಸಿಗುತ್ತಿಲ್ಲ. ಅವರ ಹೆಸರನ್ನು ಪಂಚಿಂಗ್ ಮೆಷಿನ್ ಪಕ್ಕ ಅಂಟಿಸಿದ್ದೇವೆ. ನಿಮ್ಮ ಊರಿನವರೋ, ಜೊತೆಯಲ್ಲಿ ಬಸ್ಸಿಗೆ ಬರುತ್ತಿದ್ದವರೋ ಆಗಿದ್ದರೆ ದಯವಿಟ್ಟು ತಿಳಿಸಿ. ನವೆಂಬರ್ 30ರೊಳಗೆ ಅವರಿಗೆ ಹಣ ಮುಟ್ಟಿಸಬೇಕು.

ಈ ಪತ್ರವನ್ನು ಇವತ್ತು ಊಟದ ಬಿಡುವಿನಲ್ಲಿ ನಾನೇ ಎಲ್ಲರ ಮುಂದೆ ಓದುತ್ತೇನೆ. ಓದಿದ ಮೇಲೆ ಅಲ್ಲೇ ಇರುತ್ತೇನೆ.

ನಿಮ್ಮ,
ಯೂನಿಟ್ ಮಾಲೀಕ